ದಸರಾಕ್ಕೆ ಬಣ್ಣ ಬೇಡ ಅಂದೆ: ಕಲಬುರಗಿಯ ನಮ್ಮ ಮನೆಯ ವರ್ಷದ ಲೆಕ್ಕ

ನಮ್ಮ ಕಡೆ ಮನೆಗೆ ಬಣ್ಣ ಅಂದ್ರೆ ದಸರಾಕ್ಕೆ ಮುಂಚೆ. ಓಣಿ ತುಂಬ ಏಣಿಗಳು ನಿಂತಿರುತ್ತವೆ. ನಾನು ಆ ಕೆಲಸವನ್ನು ಎಳ್ಳಮಾಸಿ ಮುಗಿದ ಮೇಲೆ, ಜನವರಿಗೆ ಇಟ್ಟುಕೊಂಡಿದ್ದೇನೆ. ಕಲಬುರಗಿಯಲ್ಲಿ ಜಾಸ್ತಿ ಮಳೆ ಬೀಳುವುದೇ ಸೆಪ್ಟೆಂಬರಿನಲ್ಲಿ. ಆ ನೀರು ಕುಡಿದ ಗೋಡೆ ದಸರಾದಷ್ಟರಲ್ಲಿ ಮೇಲಷ್ಟೇ ಒಣಗಿರುತ್ತದೆ, ಒಳಗೆ ಹಸಿ. ಅದರ ಮೇಲೆ ಪುಟ್ಟಿ, ಬಣ್ಣ ಹಚ್ಚಿದರೆ ಒಳಗಿನ ತೇವ ಉಪ್ಪನ್ನೂ ಎಳೆದುಕೊಂಡು ಹೊರಗೆ ಬರುತ್ತದೆ. ಬಣ್ಣ ಗುಳ್ಳೆ ಎದ್ದು ಸುಲಿಯುತ್ತದೆ.

ಕಣ್ಣಿಗೆ ಒಣಗಿದಂತೆ ಕಂಡರೆ ನಂಬಬೇಡಿ. ನಾನು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಕಡೆ ಟೇಪ್ ಅಂಟಿಸಿ ಒಂದು ದಿನ ಬಿಡುತ್ತೇನೆ. ಹಾಳೆಯ ಒಳಮೈಗೆ ಹನಿ ಕಟ್ಟಿದ್ದರೆ, ಇಲ್ಲವೇ ಅಡಿಯ ಗೋಡೆ ಕಪ್ಪಾಗಿದ್ದರೆ ಇನ್ನೂ ಕಾಯಬೇಕು. ನಮ್ಮ ಪೇಂಟರ್ ಒಮ್ಮೆ ಅದನ್ನು ನೋಡಿ, "ಗ್ವಾಡಿ ಇನ್ನಾ ಹಸಿ ಅದಾರಿ, ಬ್ಯಾಡ್ರಿ" ಅಂದು ತಾನೇ ಡಬ್ಬಿ ಮುಚ್ಚಿದ. ಜನವರಿಯಲ್ಲೂ ಹನಿ ಕಟ್ಟಿದರೆ ಅದು ಮಳೆಯ ನೀರಲ್ಲ, ಬಾತ್‌ರೂಮಿನ ಪೈಪು ಸೋರುತ್ತಿದೆ ಅಂತ ಅನುಮಾನ ಪಡಬೇಕು. ಮೊದಲು ಪ್ಲಂಬರ್, ಆಮೇಲೆ ಪೇಂಟರ್.

ಹಾಗಂತ ಮೇ ತಿಂಗಳಿಗೂ ತಳ್ಳಬೇಡಿ. ನಮ್ಮ ಬಿಸಿಲಿಗೆ ಕಾದ ಗೋಡೆ ಬ್ರಷ್ಷು ಎಳೆಯುವಷ್ಟರಲ್ಲಿ ಬಣ್ಣದ ನೀರನ್ನು ಹೀರಿಬಿಡುತ್ತದೆ, ಗೆರೆಗಳು ಹಾಗೇ ಉಳಿಯುತ್ತವೆ. ಮೇ ತಿಂಗಳು ಮಾಳಿಗೆಯ ಬಿರುಕು ತುಂಬಿಸುವುದಕ್ಕೆ ಸರಿ. ಜನವರಿಯಲ್ಲೂ ಹೊರಗೋಡೆಗೆ ಬೆಳಗಿನ ಇಬ್ಬನಿ ಆರಿದ ಮೇಲೆಯೇ ಕೈ ಹಚ್ಚಬೇಕು.

ಬಣ್ಣಕ್ಕೆ ತಾರೀಖು ಗೊತ್ತಾದರೆ ಗೆದ್ದಲಿನ ಕೆಲಸಕ್ಕೂ ತಾರೀಖು ಸಿಗುತ್ತದೆ. ಅದು ಬಣ್ಣಕ್ಕಿಂತ ಮುಂಚೆಯೇ ಆಗಬೇಕು, ಯಾಕಂದ್ರೆ ಗೋಡೆ ಮತ್ತು ನೆಲ ಸೇರುವ ಕಡೆ ಸುಮಾರು ಒಂದೊಂದು ಅಡಿಗೆ ತೂತು ಕೊರೆದು ಔಷಧಿ ಇಳಿಸಿ, ಸಿಮೆಂಟ್ ತುಂಬುತ್ತಾರೆ. ನಮ್ಮ ಮನೆಯಲ್ಲಿ ಶಹಾಬಾದ್ ಪರಸಿ ಇದೆ. ಕಲ್ಲಿನ ಅಂಚಿಗೆ ಡ್ರಿಲ್ ಇಟ್ಟರೆ ಚಕ್ಕೆ ಏಳುತ್ತದೆ, ಸಂದಿಯಲ್ಲೇ ಕೊರೆಯಿರಿ ಅಂತ ಮೊದಲೇ ಹೇಳಿಬಿಡುತ್ತೇನೆ. ಮುಂಗಾರಿನ ಮೊದಲ ಮಳೆಗೆ ರೆಕ್ಕೆ ಹುಳು ಮನೆಯೊಳಗಿನ ಯಾವ ಮೂಲೆಯಿಂದ ಎದ್ದವು ಅಂತ ಗುರುತು ಹಾಕಿಟ್ಟರೆ ನವೆಂಬರಿನಲ್ಲಿ ಕೆಲಸಗಾರರಿಗೆ ತೋರಿಸಬಹುದು. ಮಳೆಗಾಲದ ಕೆಸರು ಮಣ್ಣಿಗೆ ಔಷಧಿ ಸರಿಯಾಗಿ ಇಳಿಯುವುದಿಲ್ಲ, ಅದಕ್ಕೇ ನವೆಂಬರ್. ಆದರೆ ಬಾಗಿಲ ಚೌಕಟ್ಟಿಗೆ ಮಣ್ಣಿನ ಗೆರೆ ಕಂಡರೆ ತಿಂಗಳು ನೋಡುತ್ತ ಕೂರಬೇಡಿ.

ಟ್ಯಾಂಕನ್ನು ವರ್ಷಕ್ಕೆ ಎರಡು ಸಲ ತೊಳೆಯುತ್ತೇನೆ. ಮಳೆ ಮುಗಿದ ಮೇಲೆ ಒಮ್ಮೆ, ಆಗ ತಳದಲ್ಲಿ ರಾಡಿ ಕೂತಿರುತ್ತದೆ. ಫೆಬ್ರವರಿ ಕೊನೆಗೆ ಇನ್ನೊಮ್ಮೆ. ಏಪ್ರಿಲ್‌ ಬಂದರೆ ಟ್ಯಾಂಕ್ ಖಾಲಿ ಮಾಡುವ ಧೈರ್ಯ ನಮ್ಮಲ್ಲಿ ಯಾರಿಗಿದೆ, ಅಲ್ವಾ? ಅರ್ಧ ಅಡಿ ನೀರು ಉಳಿಯುವವರೆಗೆ ಬಳಸಿ, ಅದರಲ್ಲೇ ಉಜ್ಜಿ ರಾಡಿ ತೆಗೆಯುತ್ತೇವೆ. ಆಮೇಲೆ ಸಾವಿರ ಲೀಟರಿಗೆ ಸುಮಾರು 200 ಗ್ರಾಂ ಬ್ಲೀಚಿಂಗ್ ಪೌಡರ್. ಹಾಗೇ ಸುರಿಯುವುದಿಲ್ಲ. ಬಕೆಟ್ಟಿನಲ್ಲಿ ಕಲಸಿ ಅರ್ಧ ಗಂಟೆ ಬಿಟ್ಟರೆ ಸುಣ್ಣ ಅಡಿಗೆ ಕೂರುತ್ತದೆ, ಮೇಲಿನ ತಿಳಿಯನ್ನಷ್ಟೇ ತುಂಬಿದ ಟ್ಯಾಂಕಿಗೆ ಹಾಕಬೇಕು. ಗೀಸರ್, ಫಿಲ್ಟರ್ ಲೈನು ಬಂದ್ ಮಾಡಿ, ಉಳಿದ ನಲ್ಲಿಗಳಲ್ಲಿ ಬ್ಲೀಚಿಂಗ್ ವಾಸನೆ ಬರುವವರೆಗೆ ಬಿಟ್ಟು ನಿಲ್ಲಿಸುತ್ತೇನೆ. ರಾತ್ರಿಯಿಡೀ ಹಾಗೇ ಇರಲಿ. ಬೆಳಿಗ್ಗೆ ಆ ನೀರನ್ನು ಪೂರ್ತಿ ಹೊರಹಾಕಿ, ಮತ್ತೆ ತುಂಬಿ, ವಾಸನೆ ಹೋಗುವವರೆಗೆ ತೊಳೆಯಬೇಕು. ಗಿಡಗಳಿಗೆ ಹಾಕಬೇಡಿ. ಪೌಡರ್ ತೆರೆದಿಟ್ಟು ಹಳೆಯದಾಗಿದ್ದರೆ ಕಸುವು ಕಡಿಮೆ. ಬೋರ್ ನೀರಿನ ಬಿಳಿ ಪದರ ಹೋಗಲಿ ಅಂತ ಇದೇ ಹೊತ್ತಿಗೆ ಆಸಿಡ್ ಸುರಿಯುವವರಿದ್ದಾರೆ. ಆಸಿಡ್ ಮತ್ತು ಬ್ಲೀಚಿಂಗ್ ಸೇರಿದರೆ ವಿಷಗಾಳಿ ಏಳುತ್ತದೆ, ಟ್ಯಾಂಕಿನೊಳಗೆ ಇಳಿದವನಿಗೆ ಉಸಿರು ಕಟ್ಟುತ್ತದೆ.

ಎಸಿ ಇದ್ದರೆ ಫೆಬ್ರವರಿಯಲ್ಲೇ ಮೆಕ್ಯಾನಿಕ್‌ನನ್ನು ಕರೆಸಿ. ಶರಣಬಸವೇಶ್ವರ ಜಾತ್ರೆ ಆದ ಮೇಲೆ ಅವನು ಫೋನ್ ಎತ್ತುವುದಿಲ್ಲ. ಕೂಲರಿನ ಕೆಲಸ ನಾನೇ ಮಾಡುತ್ತೇನೆ. ಜಾತ್ರೆಗೆ ಮುಂಚೆ ಹುಲ್ಲಿನ ಪ್ಯಾಡ್ ಬದಲಿಸಿ, ಪಂಪಿನ ಜಾಳಿಗೆ ಬಿಡಿಸಿ ಉಪ್ಪು ತೆಗೆದು, ನೀರು ಪ್ಯಾಡಿನ ಎಲ್ಲ ಕಡೆ ಇಳಿಯುತ್ತಿದೆಯಾ ನೋಡುತ್ತೇನೆ. ಒಣ ಪಟ್ಟೆ ಕಂಡರೆ ಮೇಲಿನ ಪೈಪಿನ ತೂತು ಕಟ್ಟಿದೆ ಅಂತ ಅರ್ಥ, ಸೂಜಿ ಸಾಕು. ಸೀಸನ್ನಿನಲ್ಲಿ ವಾರಕ್ಕೊಮ್ಮೆ ತೊಟ್ಟಿ ಪೂರ್ತಿ ಖಾಲಿ ಮಾಡಿ ಗೋಡೆ ಉಜ್ಜುತ್ತೇವೆ, ಡೆಂಗಿ ಸೊಳ್ಳೆಯ ಮೊಟ್ಟೆ ಅಲ್ಲಿಯೇ ಅಂಟಿರುತ್ತದೆ. ಮೃಗಶಿರಾ ಮಳೆ ಹಿಡಿದ ಮೇಲೆ ತೊಟ್ಟಿ ಬಿಸಿಲಿಗೆ ಒಣಗಿಸಿ, ಹಳೆ ಪ್ಯಾಡ್ ಎಸೆದು, ಪಂಪನ್ನು ಮನೆಯೊಳಗೆ ಇಟ್ಟುಬಿಡುತ್ತೇನೆ.