ಮೊದಲು ಕಾರಣ, ಆಮೇಲೆ ಹೆಸರು

ವಿಜಯಪುರದಲ್ಲಿ ನಾವು ನಡೆಸುವ ಮಕ್ಕಳ ಚಿತ್ರಕಲಾ ಸ್ಪರ್ಧೆಯ ಫಲಿತಾಂಶ ಈ ವರ್ಷ ಜಗಳವಿಲ್ಲದೆ ಮುಗಿಯಿತು. ವಿಜೇತರ ಹೆಸರಿಗೆ ಮುಂಚೆಯೇ ಮಾನದಂಡ ಹೇಳುತ್ತೇನೆ ಎಂದಾಗ ಸಮಿತಿಯಲ್ಲಿ ಒಬ್ಬರೂ ಒಪ್ಪಿರಲಿಲ್ಲ. "ಸರ್, ಜನ ಹೆಸರು ಕೇಳಲು ಬರುತ್ತಾರೆ, ಪಾಠ ಕೇಳಲಲ್ಲ" ಎಂದರು ಹಿರಿಯ ಕಲಾ ಶಿಕ್ಷಕರೊಬ್ಬರು. ಆದರೆ ಹೆಸರು ಓದಿದ ಮೇಲೆ ಹೇಳುವ ಕಾರಣ ಬರೀ ಸಮಜಾಯಿಷಿಯಂತೆ ಕೇಳಿಸುತ್ತದೆ. ಹಿಂದೆಲ್ಲ ಅರ್ಧ ಸಭೆ ಎದ್ದು ಹೋಗುತ್ತಿತ್ತು, ಉಳಿದರ್ಧ ವೇದಿಕೆಗೇ ಬರುತ್ತಿತ್ತು.

ವಿಷಯ ಗೋಲಗುಮ್ಮಟ. ನಾನೂರರ ಆಸುಪಾಸು ಚಿತ್ರಗಳು ಬಂದಿದ್ದವು. ಒಳ್ಳೆಯದನ್ನೂ ಕೆಟ್ಟದ್ದನ್ನೂ ಪಕ್ಕಪಕ್ಕದಲ್ಲಿ ತೋರಿಸಿದರೆ ಮಾತು ಬೇಗ ತಲುಪುತ್ತದೆ, ಆದರೆ ಯಾವ ಮಗುವಿನ ಹಾಳೆಯನ್ನು ಕೆಟ್ಟದ್ದೆಂದು ಎತ್ತಿ ಹಿಡಿಯುವುದು? ಹಾಗಾಗಿ ಕೆಟ್ಟದ್ದನ್ನು ನಾನೇ ಬರೆದೆ. ಗುಮ್ಮಟವನ್ನು ಗೋಡೆಯ ಮೇಲೆ ಬೋರಲು ಹಾಕಿದ ಬುಟ್ಟಿಯಂತೆ ಕೂರಿಸಿ, ನೆರಳಿಗೆ ನೇರ ಕಪ್ಪು ಬಳಿದೆ. "ಇದು ನನ್ನದು, ಮೊದಲ ಸುತ್ತಿನಲ್ಲೇ ಹೋಯಿತು" ಎಂದಾಗ ಸಭೆ ನಕ್ಕಿತು. ನಂತರ ಕೇಳಿದೆ: "ಗುಮ್ಮಟದ ಬುಡದಲ್ಲಿ ಸುತ್ತಲೂ ಏನಿದೆ?" ಕೆಲವೇ ಕೈಗಳು ಎದ್ದವು. ಅಲ್ಲಿ ದಳಗಳ ಸಾಲಿದೆ. ಮೂಲೆಗಳ ಗೋಪುರಗಳು ಎಂಟು ಮುಖದವು, ಏಳು ಅಂತಸ್ತಿನವು. ನೋಡಿ ಬರೆದವರಿಗೂ ಮೊಬೈಲಿನಿಂದ ಇಳಿಸಿದವರಿಗೂ ಅಂತರ ಬಹಳಷ್ಟು ಸಲ ಅಲ್ಲೇ ಸಿಗುತ್ತದೆ. ದೊಡ್ಡವರ ಕೈ ಸೇರಿದ ಚಿತ್ರವನ್ನು ಹಿಡಿಯುವ ಉಪಾಯ ಬೇರೆಯಿದೆ. ಮುಂದಿನ ವರ್ಷವೂ ಅದು ಬೇಕು, ಇಲ್ಲಿ ಬರೆಯುವುದಿಲ್ಲ.

ಚಿತ್ರ ತೋರಿಸುವುದಕ್ಕೆ ದುಡ್ಡು ಸುರಿದದ್ದೂ ಆಗಿದೆ. ಬಾಡಿಗೆ ಪ್ರೊಜೆಕ್ಟರಿಗೆ ಎರಡೂವರೆ ಸಾವಿರದ ಹತ್ತಿರ ಹೋಯಿತು, ಪರದೆಯ ಮೇಲೆ ತೆಳು ಹಳದಿಯೆಲ್ಲ ಬಿಳಿಯಾಯಿತು. ಫ್ಲೆಕ್ಸ್ ಮಾಡಿಸಿದರೆ ಜಲವರ್ಣ ಎಣ್ಣೆಬಣ್ಣದಂತೆ ಮಿರುಗಿತು. ಈ ಸಲ ಮೂಲ ಹಾಳೆಗಳನ್ನೇ ಥರ್ಮಾಕೋಲಿಗೆ ಚುಚ್ಚಿ ಇಬ್ಬರು ಹುಡುಗರು ಸಾಲುಸಾಲಾಗಿ ತಿರುಗಿಸಿದರು. ಮುನ್ನೂರು ರೂಪಾಯಿಯೂ ಆಗಲಿಲ್ಲ.

ಭಾಷಣ ನಿಂತದ್ದು ಪ್ರಥಮ ಬಹುಮಾನದ ಚಿತ್ರದ ಮೇಲೆ. ಅದರಲ್ಲಿ ಕಟ್ಟಡ ಪೂರ್ತಿ ಇಲ್ಲ. ಮೂಲೆಯ ಗೋಪುರವೊಂದರ ಬುಡದಲ್ಲಿ ನಿಂತು ತಲೆಯೆತ್ತಿ ನೋಡಿದ ನೋಟ: ಗೋಪುರ ಹಾಳೆಯಾಚೆ ಹೋಗುತ್ತದೆ, ಗುಮ್ಮಟ ಒಂದು ಕಮಾನಿನಷ್ಟೇ ಕಾಣುತ್ತದೆ, ನೆರಳು ನೇರಳೆ. ಸಂಯೋಜನೆ, ಬಣ್ಣ, ವೀಕ್ಷಣೆ, ಸ್ವಂತಿಕೆಗೆ ತಲಾ ಹತ್ತರಂತೆ ನಲವತ್ತು ಅಂಕ. ಹೆಸರು ಕಾಣದಂತೆ ಬೆನ್ನಿಗೆ ಸಂಖ್ಯೆ ಮಾತ್ರ ಹಾಕಿ ಮೂವರು ತೀರ್ಪುಗಾರರಿಗೆ ಬೇರೆ ಬೇರೆಯಾಗಿ ಕೊಟ್ಟಿದ್ದೆವು. ಇಬ್ಬರು ಮೂವತ್ನಾಲ್ಕರ ಸುತ್ತ ಕೊಟ್ಟರೆ ಮೂರನೆಯವರು ಇಪ್ಪತ್ತೆರಡು ಕೊಟ್ಟು, "ಗುಮ್ಮಟವೇ ಇಲ್ಲವಲ್ಲ" ಎಂದರು. ಎಂಟಕ್ಕಿಂತ ಹೆಚ್ಚು ಅಂತರ ಬಂದರೆ ಮೂವರೂ ಒಟ್ಟಿಗೆ ಹತ್ತು ಅಡಿ ದೂರದಿಂದ ಮತ್ತೆ ನೋಡಬೇಕೆಂಬುದು ನಮ್ಮ ನಿಯಮ. ನೋಡಿದರು, ವಾದಿಸಿದರು. ಮೂರನೆಯವರು ವೀಕ್ಷಣೆ, ಸ್ವಂತಿಕೆಗಳಲ್ಲಿ ಅಂಕ ಏರಿಸಿದರು, ಸಂಯೋಜನೆಯಲ್ಲಿ ಮಾತ್ರ ಬಿಲ್‌ಕುಲ್ ಏರಿಸಲಿಲ್ಲ. ಈ ಜಗಳವನ್ನು ಸಭೆಗೆ ಇದ್ದಂತೆಯೇ ಹೇಳಿದೆ. ಹೆಸರು ಓದುವ ಹೊತ್ತಿಗೆ ಅದು ಯಾವ ಚಿತ್ರವೆಂದು ಎಲ್ಲರಿಗೂ ಗೊತ್ತಾಗಿತ್ತು.

ದ್ವಿತೀಯ ಬಂದ ಹುಡುಗನ ತಂದೆ ಕೆಳಗೆ ಕಾಯುತ್ತಿದ್ದರು. ಅಂಕಪಟ್ಟಿ ತೋರಿಸಿದೆ. "ನೆರಳು ಕಪ್ಪಾದದ್ದಕ್ಕೆ ಎಷ್ಟು ಹೋಯಿತು ಸರ್?" ಎಂದರು. ಸುಮಾರು ಮೂರು ಎಂದೆ. ಅವರು ಮಗನ ಕಡೆ ತಿರುಗಿ, "ಕಪ್ಪು ಡಬ್ಬಿ ಇನ್ನು ನನ್ನ ಹತ್ತಿರ ಇರಲಿ" ಎಂದರು.