ಕೆಳಗಿನ ಮಹಡಿಯ ಮನೆಗೆ ನೀರಿನ ಪ್ರೆಶರ್ ಜಾಸ್ತಿಯೇ? ಪ್ರೆಶರ್ ತಗ್ಗಿಸುವ ಪಿಆರ್‌ವಿ ಕೂರಿಸುವುದು ಹೀಗೆ

ಎತ್ತರದ ಅಪಾರ್ಟ್‌ಮೆಂಟುಗಳಲ್ಲಿ ಕೆಳಗಿನ ಮಹಡಿಯ ಪೈಪುಗಳಿಗೆ ಹೆಚ್ಚು ಪೆಟ್ಟು ಬೀಳುವುದು ರಾತ್ರಿ ಹೊತ್ತು, ಯಾರೂ ನೀರು ಬಳಸದೇ ಇರುವಾಗ. ನೀರು ಹರಿಯುತ್ತಿದ್ದರೆ ಪೈಪಿನ ತಿಕ್ಕಾಟದಲ್ಲಿ ಸ್ವಲ್ಪ ಪ್ರೆಶರ್ ಕರಗಿಹೋಗುತ್ತದೆ. ಎಲ್ಲರ ನಲ್ಲಿಗಳೂ ಮುಚ್ಚಿದಾಗ ಟೆರೇಸಿನ ಟ್ಯಾಂಕಿನಿಂದ ನಿಮ್ಮ ಮನೆವರೆಗಿನ ನೀರಿನ ಪೂರ್ತಿ ಭಾರ ಹೆಲ್ತ್ ಫಾಸೆಟ್ಟಿನ ಪೈಪು, ಫ್ಲಶ್ ಟ್ಯಾಂಕಿನ ವಾಲ್ವು, ಗೀಸರಿನ ಕನೆಕ್ಷನ್ ಪೈಪುಗಳ ಮೇಲೆ ಬಂದು ಕೂರುತ್ತದೆ.

ಅದಕ್ಕೇ ಗೋಡೆಯಲ್ಲಿರುವ ಚಿಕ್ಕ ವಾಲ್ವನ್ನು, ಅಂದರೆ ಆಂಗಲ್ ಕಾಕನ್ನು ಅರ್ಧ ತಿರುಗಿಸಿ ಬಿಡುವುದು ಪರಿಹಾರ ಅಲ್ಲ. ನೀರು ಕಡಿಮೆ ಬರುತ್ತದೆ, ನಿಜ. ಆದರೆ ನಲ್ಲಿ ಮುಚ್ಚಿದ ಮೇಲೆ ಸ್ವಲ್ಪ ಹೊತ್ತಿನಲ್ಲೇ ಎರಡೂ ಕಡೆ ಪ್ರೆಶರ್ ಒಂದೇ ಆಗುತ್ತದೆ. ನೀರು ನಿಂತಾಗಲೂ ಪ್ರೆಶರ್ ತಗ್ಗಿಸಿಡುವುದು ಪ್ರೆಶರ್ ರೆಡ್ಯೂಸಿಂಗ್ ವಾಲ್ವ್, ಅಂದರೆ ಪಿಆರ್‌ವಿ ಮಾತ್ರ. ಅದರೊಳಗೆ ಒಂದು ಸ್ಪ್ರಿಂಗು, ಬಾಗುವ ಪೊರೆಯಂಥ ಒಂದು ಡಯಾಫ್ರಾಮ್ ಇರುತ್ತವೆ. ಮನೆ ಕಡೆಯ ಪ್ರೆಶರ್ ನೀವು ಇಟ್ಟ ಮಟ್ಟಕ್ಕೆ ಬಂದ ಕೂಡಲೇ ವಾಲ್ವು ತಾನೇ ಮುಚ್ಚಿಕೊಳ್ಳುತ್ತದೆ.

ಮೊದಲು ಲೆಕ್ಕ ಹಾಕಿ, ಆಮೇಲೆ ಅಳೆಯಿರಿ. 10 ಮೀಟರ್ ಎತ್ತರದ ನೀರು ಅಂದರೆ ಸುಮಾರು 1 ಬಾರ್ ಪ್ರೆಶರ್. ಒಂದು ಉದಾಹರಣೆ ನೋಡೋಣ. ನೆಲಮಹಡಿ ಮತ್ತು ಅದರ ಮೇಲೆ 19 ಮಹಡಿ, ಒಂದೊಂದು 3 ಮೀಟರ್. ಟೆರೇಸ್ 60 ಮೀಟರಿನಲ್ಲಿದೆ, ಟ್ಯಾಂಕಿನ ನೀರಿನ ಮಟ್ಟ ಇನ್ನೂ 4 ಮೀಟರ್ ಮೇಲೆ. ಮೊದಲ ಮಹಡಿಯ ನಲ್ಲಿ ನೆಲದಿಂದ ಸುಮಾರು 4 ಮೀಟರ್ ಎತ್ತರದಲ್ಲಿದೆ. ಉಳಿದದ್ದು 60 ಮೀಟರ್, ಅಂದರೆ ಹತ್ತಿರ ಹತ್ತಿರ 6 ಬಾರ್. ರಸ್ತೆಯ ಲೈನಿನಿಂದ ನೇರವಾಗಿ ಮನೆಗೆ ನೀರು ಬರುವ ಅಮೆರಿಕದಲ್ಲಿ, 80 ಪಿಎಸ್‌ಐ, ಅಂದರೆ 5.5 ಬಾರ್ ದಾಟಿದರೆ ಇಂಥ ವಾಲ್ವು ಹಾಕಲೇಬೇಕು ಎಂದು ಪ್ಲಂಬಿಂಗ್ ನಿಯಮಗಳು ಹೇಳುತ್ತವೆ. ನಮ್ಮ ಊರುಗಳಲ್ಲಿ ರಸ್ತೆಯ ನೀರು ಸಾಮಾನ್ಯವಾಗಿ ಸಂಪಿಗೆ ಬೀಳುವುದರಿಂದ ಆ ಪ್ರೆಶರ್ ಅಲ್ಲೇ ಮುಗಿಯುತ್ತದೆ. ನಮಗೆ ತೊಂದರೆ ಕೊಡುವುದು ಟೆರೇಸಿನಿಂದ ಇಳಿಯುವ ಮೇನ್ ಪೈಪು.

ಅಳೆಯಲು 0ರಿಂದ 10 ಬಾರ್ ತೋರಿಸುವ ಪ್ರೆಶರ್ ಗೇಜ್ ಸಾಕು. ವಾಷಿಂಗ್ ಮಷೀನಿನ ನಲ್ಲಿಗೆ ಅದನ್ನು ಹಾಕಿ, ನಲ್ಲಿ ತೆರೆದಿಡಿ, ಮನೆಯ ಬೇರೆಲ್ಲ ನಲ್ಲಿ ಮುಚ್ಚಿ. ಬೆಳಗ್ಗೆ ಎಲ್ಲರೂ ಸ್ನಾನ ಮಾಡುವ ಹೊತ್ತಿನಲ್ಲಿ ಅಳೆದರೆ ಸುಮ್ನೆ ಮೋಸ ಹೋಗುತ್ತೀರಿ. ರಾತ್ರಿ ತಡವಾಗಿ ನೋಡಿ, ಆಗ ಕಾಣುವುದೇ ನಿಜವಾದ ಅಂಕಿ. ಅಷ್ಟರಲ್ಲಿ ಅಸೋಸಿಯೇಷನ್ನಿನವರನ್ನೂ ಒಂದು ಮಾತು ಕೇಳಿ. ಎತ್ತರದ ಕಟ್ಟಡಗಳಲ್ಲಿ ಇಳಿಯುವ ಮೇನ್ ಪೈಪಿಗೇ ನಡುವೆ ದೊಡ್ಡ ಪಿಆರ್‌ವಿ ಹಾಕಿರುವುದುಂಟು. ನಿಮ್ಮ ಮೇಲಿನ, ಕೆಳಗಿನ ಮನೆಗಳಿಗೂ ಇದೇ ತೊಂದರೆ ಇದ್ದರೆ ಆ ವಾಲ್ವು ಕೆಟ್ಟಿರಬಹುದು. ಅದನ್ನು ಸರಿಮಾಡಿಸುವುದೇ ಎಲ್ಲರಿಗೂ ಒಳ್ಳೆಯದು.

ಇನ್ನು ಎಲ್ಲಿ ಹಾಕುವುದು? ಹೆಚ್ಚು ಜನ ತಪ್ಪುವುದು ಇಲ್ಲೇ. ಎಷ್ಟೋ ಫ್ಲಾಟುಗಳಿಗೆ ನೀರು ಒಂದೇ ಕಡೆಯಿಂದ ಬರುವುದಿಲ್ಲ. ಅಡುಗೆಮನೆಗೆ ಒಂದು ಡಕ್ಟಿನಿಂದ, ಒಂದೊಂದು ಬಾತ್‌ರೂಮಿಗೂ ಬೇರೆ ಡಕ್ಟಿನಿಂದ, ಫ್ಲಶ್ಶಿಗೆ ಮತ್ತೊಂದು ಲೈನಿನಿಂದ ಬರುತ್ತದೆ. ಒಂದೊಂದು ಲೈನಿನ ವಾಲ್ವು ಮುಚ್ಚಿ ಯಾವ ನಲ್ಲಿ ನಿಂತಿತು ಎಂದು ನೋಡಿ ಗುರುತು ಮಾಡಿಕೊಳ್ಳಿ. ಪ್ರತಿ ಲೈನಿಗೂ ಒಂದೊಂದು ಪಿಆರ್‌ವಿ ಬೇಕು. ಬಾತ್‌ರೂಮಿನಲ್ಲಂತೂ ಗೀಸರಿಗೆ ಪೈಪು ಕವಲೊಡೆಯುವ ಜಾಗಕ್ಕಿಂತ ಮೊದಲೇ ಅದು ಕೂರಬೇಕು. ಕವಲಾದ ಮೇಲೆ ತಣ್ಣೀರಿಗೆ ಮಾತ್ರ ಹಾಕಿದಿರಿ ಅನ್ನಿ, ತಣ್ಣೀರು ನೀವು ಪಿಆರ್‌ವಿಯಲ್ಲಿ ಇಟ್ಟ 2.5 ಬಾರ್, ಬಿಸಿನೀರು ಮೊದಲಿನ 6 ಬಾರ್ ಆಗುತ್ತದೆ. ಆಗ ಮಿಕ್ಸರಿನಲ್ಲಿ ಬಿಸಿನೀರು ತಣ್ಣೀರನ್ನು ಹಿಂದಕ್ಕೆ ತಳ್ಳುತ್ತದೆ, ಶವರಿನಲ್ಲಿ ಮೈ ಸುಡುತ್ತದೆ. ಟೆರೇಸಿನ ಸೋಲಾರಿನಿಂದ ಬಿಸಿನೀರು ಬೇರೆ ಲೈನಿನಲ್ಲಿ ಬರುವ ಮನೆಯಾದರೆ ಅದಕ್ಕೂ ಒಂದು ಬೇಕು, ಬಿಸಿನೀರು ತಡೆಯುವಂಥದ್ದು. ಎರಡನ್ನೂ ಒಂದೇ ಮಟ್ಟಕ್ಕೆ ಇಡಬೇಕು.

ಕೂರಿಸುವ ದಿನ ಆ ಲೈನಿನ ಮೇನ್ ವಾಲ್ವು ಮುಚ್ಚಿ, ಕೆಳಗಿನ ನಲ್ಲಿ ತೆರೆದು ಪೈಪು ಖಾಲಿ ಮಾಡಿ. ನೀರು ಬರುವ ದಿಕ್ಕಿನಿಂದ ಸಾಲು ಹೀಗಿರಲಿ: ಬಾಲ್ ವಾಲ್ವ್, ಕಸ ಹಿಡಿಯುವ ಸ್ಟ್ರೈನರ್, ಪಿಆರ್‌ವಿ, ಗೇಜ್, ಕೊನೆಗೆ ಇನ್ನೊಂದು ಬಾಲ್ ವಾಲ್ವ್. ಪಿಆರ್‌ವಿಯ ಎರಡೂ ಕಡೆ ಯೂನಿಯನ್ ಇದ್ದರೆ ಮುಂದೆ ಪೈಪು ಕತ್ತರಿಸದೆ ಬಿಚ್ಚಬಹುದು. ಪಿಆರ್‌ವಿಯ ಮೈಮೇಲಿನ ಬಾಣ ಮನೆಯ ಕಡೆಗೆ ತೋರಿಸಬೇಕು. ಸ್ಟ್ರೈನರ್ ಬೇಡ ಅಂತ ಪ್ಲಂಬರ್ ಹೇಳಿದರೂ ಬಿಡಬೇಡಿ. ಬೋರ್‌ವೆಲ್ ನೀರಿನ ಮರಳಿನ ಒಂದೇ ಒಂದು ಕಣ, ಮುಚ್ಚಳ ಬಂದು ಕೂರುವ ಒಳಗಿನ ಸೀಟಿನಲ್ಲಿ ಸಿಕ್ಕಿಕೊಂಡರೆ ವಾಲ್ವು ಪೂರ್ತಿ ಮುಚ್ಚುವುದಿಲ್ಲ.

ಪ್ಲಾಸ್ಟಿಕ್ಕಿನ ಸಿಪಿವಿಸಿ ಪೈಪಾದರೆ ಹಿತ್ತಾಳೆ ಥ್ರೆಡ್ ಇರುವ ಅಡಾಪ್ಟರುಗಳನ್ನು ಮೊದಲು ಪೈಪಿಗೆ ಅಂಟಿಸಿ, ಅಂಟಿಸಿದ ಸಾಲ್ವೆಂಟ್ ಒಣಗಿದ ಮೇಲೆ ಥ್ರೆಡ್ ಟೇಪ್ ಸುತ್ತಿ ಪಿಆರ್‌ವಿ ಬಿಗಿಯಿರಿ. ಬಿಗಿಯುವಾಗ ಎರಡು ಸ್ಪ್ಯಾನರ್ ಬೇಕು. ಒಂದು ಅಡಾಪ್ಟರನ್ನು ಹಿಡಿದಿರಬೇಕು, ಇಲ್ಲದಿದ್ದರೆ ಪೈಪಿನ ಜಾಯಿಂಟು ತಿರುಚಿ ಬಿರುಕು ಬಿಡುತ್ತದೆ. ನೀರು ಬಿಡುವ ಮೊದಲು ಸಾಲ್ವೆಂಟ್ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಕಾಯಿರಿ.

ಸೆಟ್ಟಿಂಗ್‌ಗೆ ಅವಸರ ಬೇಡ. ಪಿಆರ್‌ವಿಯ ಲಾಕ್ ನಟ್ ಸಡಿಲ ಮಾಡಿ, ಸ್ಕ್ರೂವನ್ನು ಎಡಕ್ಕೆ ತಿರುಗಿಸಿ ಸ್ಪ್ರಿಂಗ್ ಸಡಿಲ ಬಿಡಿ. ಮೇನ್ ವಾಲ್ವು ನಿಧಾನವಾಗಿ ತೆರೆಯಿರಿ, ಒಂದು ನಲ್ಲಿ ತೆರೆದು ಗಾಳಿ ಹೋಗಲು ಬಿಡಿ. ನೀರು ಬಾರದಿದ್ದರೆ ಸ್ಕ್ರೂವನ್ನು ಸ್ವಲ್ಪ ಬಲಕ್ಕೆ ತಿರುಗಿಸಿ. ಗಾಳಿ ಹೋದ ಮೇಲೆ ಎಲ್ಲ ನಲ್ಲಿ ಮುಚ್ಚಿ, ಗೇಜ್ ನೋಡುತ್ತಾ ಬಲಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸಿ 2.5 ಬಾರಿಗೆ ತನ್ನಿ. ಜಾಸ್ತಿಯಾಯಿತೇ? ಎಡಕ್ಕೆ ತಿರುಗಿಸಿದ ಮಾತ್ರಕ್ಕೆ ಮುಳ್ಳು ಇಳಿಯುವುದಿಲ್ಲ, ಏಕೆಂದರೆ ಹೆಚ್ಚಿನ ಪ್ರೆಶರ್ ಒಳಗೇ ಸಿಕ್ಕಿಕೊಂಡಿರುತ್ತದೆ. ಒಂದು ನಲ್ಲಿ ತೆರೆದು ಮುಚ್ಚಿ, ಮತ್ತೆ ಓದಿ. ಕೊನೆಗೆ ಎರಡು ನಲ್ಲಿ ಒಟ್ಟಿಗೆ ಬಿಟ್ಟು ನೋಡಿ. ಮುಳ್ಳು 2ರ ಹತ್ತಿರ ಇಳಿದರೆ ಅದು ಸಹಜ. 1ಕ್ಕಿಂತ ಕೆಳಗೆ ಹೋದರೆ ಸ್ಟ್ರೈನರಿನಲ್ಲಿ ಕಸ ತುಂಬಿದೆ, ಇಲ್ಲವೇ ವಾಲ್ವು ಆ ಲೈನಿಗೆ ಸಣ್ಣದಾಯಿತು ಎಂದರ್ಥ.

ಗೇಜನ್ನು ಕಾಯಂ ಆಗಿ ಅಲ್ಲೇ ಇಡಿ, ಮುಂದೆ ರೋಗ ಹೇಳುವುದು ಅದೇ. ರಾತ್ರಿ ನಲ್ಲಿಗಳೆಲ್ಲ ಮುಚ್ಚಿದ್ದು, ಗೀಸರ್ ಆರಿಸಿದ್ದರೂ ಮುಳ್ಳು 2.5ರಿಂದ ಮೆಲ್ಲಗೆ ಏರುತ್ತಾ ಬೆಳಗ್ಗೆ 6ಕ್ಕೆ ಬಂದು ನಿಂತಿದ್ದರೆ ಸೀಟು ಸೋರುತ್ತಿದೆ. ಬಿಚ್ಚಿ ತೊಳೆಯಬೇಕು, ಸವೆದಿದ್ದರೆ ಒಳಗಿನ ಭಾಗ ಬದಲಿಸಬೇಕು. ಗೀಸರ್ ಹಾಕಿದಾಗ ಮಾತ್ರ ಏರಿದರೆ ಅದು ಬೇರೆ ವಿಷಯ. ಕಾದ ನೀರು ಹಿಗ್ಗುತ್ತದೆ, ಮೊದಲು ಮೇನ್ ಪೈಪಿಗೆ ಹಿಂದಕ್ಕೆ ಹೋಗುತ್ತಿದ್ದ ಆ ನೀರಿಗೆ ಈಗ ಪಿಆರ್‌ವಿ ಅಡ್ಡ ಇದೆ, ಅಲ್ವಾ? ಆಗ ಗೀಸರಿನ ಸೇಫ್ಟಿ ವಾಲ್ವಿನಿಂದ ನಾಲ್ಕು ಹನಿ ಬೀಳಬಹುದು. ಅದರ ಬಾಯಿಯನ್ನು ಯಾವ ಕಾರಣಕ್ಕೂ ಮುಚ್ಚಬೇಡಿ, ಗೀಸರೇ ಒಡೆಯಬಹುದು. ಒಂದು ಸಣ್ಣ ಪೈಪು ಹಾಕಿ ಹನಿಗಳನ್ನು ನೆಲದ ಜಾಲರಿಗೆ ಬಿಡಿ. ದಿನವೂ ಜಾಸ್ತಿ ಸುರಿಯುತ್ತಿದ್ದರೆ ಗೀಸರಿನ ತಣ್ಣೀರು ಲೈನಿಗೆ ಹಿಗ್ಗಿದ ನೀರಿಗೆ ಜಾಗ ಕೊಡುವ ಒಂದು ಚಿಕ್ಕ ಎಕ್ಸ್‌ಪಾನ್ಶನ್ ಟ್ಯಾಂಕ್ ಹಾಕಿಸಿ.