ಮಂಗಳವಾರ ಮಾತ್ರ ಹೋಗದ ನೆಟ್: ನನ್ನ ಅನುಭವ

ಹಾಸನದ ವಿದ್ಯಾನಗರದಲ್ಲಿ ನಮ್ಮ ಮನೆ. ಬೀದಿ ಕೊನೆಯ ಕಂಬದ ಬಾಕ್ಸ್‌ವರೆಗೆ ಫೈಬರ್, ಅಲ್ಲಿಂದ ಮನೆಗೆ ಲ್ಯಾನ್ ಕೇಬಲ್. ನವೆಂಬರ್ ಕೊನೆಯಿಂದ ಸಂಜೆ ಆರು ದಾಟಿದರೆ ನೆಟ್ ಹೋಗುತ್ತಿತ್ತು, ನಾಲ್ಕೈದು ನಿಮಿಷ ಬಿಟ್ಟು ಬರುತ್ತಿತ್ತು. ಕೇಬಲ್ ಹುಡುಗ ಬಂದು, "ಸರ್, ನಿಮ್ಮ ರೂಟರ್ ಹಳೇದು" ಅಂದ. 2600 ರೂಪಾಯಿ ಕೊಟ್ಟು ಹೊಸದು ತಂದೆ. ಏನೂ ಬದಲಾಗಲಿಲ್ಲ. ಆಮೇಲೆ "ಸಂಜೆ ಲೋಡ್ ಜಾಸ್ತಿ, ದೊಡ್ಡ ಪ್ಲಾನ್ ಹಾಕಿಸಿ" ಅಂದರು. ತಿಂಗಳಿಗೆ ಮುನ್ನೂರು ಜಾಸ್ತಿ, ಮೂರು ತಿಂಗಳು ಕಟ್ಟಿದೆ. ಅದೂ ದಂಡ.

ನಡುವೆ ನಾನೇ ಒಂದು ಪೆದ್ದುತನ ಮಾಡಿದೆ. ಹತ್ತು ನಿಮಿಷಕ್ಕೊಂದು ಸ್ಪೀಡ್ ಟೆಸ್ಟ್ ಓಡುವ ಹಾಗೆ ಇಟ್ಟೆ. ತಿಂಗಳ ಡೇಟಾ ಹದಿನೈದನೇ ತಾರೀಖಿಗೇ ಮುಗಿಯಿತು, ವೇಗ ಇಳಿಯಿತು. ಕೊನೆಗೆ ಹಳೇ ಲಿನಕ್ಸ್ ಲ್ಯಾಪ್‌ಟಾಪ್ ಒಂದನ್ನು ವೈರಲ್ಲಿ ರೂಟರ್‌ಗೆ ಸಿಕ್ಕಿಸಿ ಬರೀ ಪಿಂಗ್ ಬಿಟ್ಟೆ, ಮೂರು ಕಡೆಗೆ ಒಟ್ಟಿಗೆ.

```
ping -D -O 192.168.1.1 > router.txt &
ping -D -O 100.64.0.1 > isp.txt &
ping -D -O 8.8.8.8 > hora.txt &
```

ಎರಡನೇ ವಿಳಾಸ ರೂಟರ್ ದಾಟಿದರೆ ಸಿಗುವ ಆಪರೇಟರ್ ಸಾಧನದ್ದು, ಇಲ್ಲಿರುವುದು ನನ್ನ ಲೈನಿನದು. ನಿಮ್ಮದು `traceroute -n 8.8.8.8` ಕೊಟ್ಟರೆ ರೂಟರ್ ಆದ ಮೇಲಿನ ಸಾಲಲ್ಲಿ ಸಿಗುತ್ತದೆ. ಕೆಲವರ ನಡುವಿನ ಸಾಧನ ಪಿಂಗ್‌ಗೆ ಸರಿಯಾಗಿ ಉತ್ತರಿಸಲ್ಲ. ಅಲ್ಲಿ ಪ್ಯಾಕೆಟ್ ಕಳೆದು ಮುಂದಿನದು ಸರಿಯಿದ್ದರೆ ಅದು ದೋಷವಲ್ಲ, ನಾನು ಎರಡು ದಿನ ಅದರ ಹಿಂದೆ ಸುಮ್ನೆ ಅಲೆದೆ. ಇನ್ನೊಂದು ಲ್ಯಾಪ್‌ಟಾಪಿಂದ ವೈಫೈಯಲ್ಲಿ ರೂಟರ್‌ಗೆ ಮಾತ್ರ ಪಿಂಗ್ ಬಿಟ್ಟಿದ್ದೆ.

ಒಂದು ವಾರದಲ್ಲಿ ಮೂರು ಬೇರೆ ಬೇರೆ ಕಾಯಿಲೆ ಕಂಡವು. ವೈಫೈ ಲ್ಯಾಪ್‌ಟಾಪ್ ರೂಟರ್ ಮುಟ್ಟುವುದಕ್ಕೇ ಆಗಾಗ 200, 300 ಮಿಲಿಸೆಕೆಂಡ್ ತಗೊಂಡಿತು, ಆದರೆ ಅದೇ ಕ್ಷಣದಲ್ಲಿ ವೈರಿನದು ಒಂದರ ಒಳಗೇ ಇತ್ತು. ಇದು ಗಾಳಿಯ ತೊಂದರೆ. ಪಕ್ಕದ ಮನೆಗಳ ರೂಟರ್ ಎಲ್ಲ ಚಾನೆಲ್ ಆರಲ್ಲೇ ಕೂತಿದ್ದವು. ನಾನು ಒಂದನೇ ಚಾನೆಲ್‌ಗೆ ಹೋದೆ, ತುಂಬಾ ಕಡಿಮೆಯಾಯಿತು. ಹೆಂಡತಿ ಮೈಕ್ರೋವೇವಲ್ಲಿ ಹಾಲು ಬಿಸಿ ಮಾಡುವಾಗ ಏನಾಗುತ್ತದೆ ಅಂತಲೂ ನೋಡಿದೆ. ಪಿಂಗ್ ಕುಣಿಯುತ್ತದೆ, ಹಾಲು ಇಳಿಸಿದರೆ ಶಾಂತ.

ಎರಡನೆಯದು ವೈರಲ್ಲೂ ಕಂಡಿತು. ರೂಟರ್ ಸರಿ, ಆದರೆ ಎಂಟೂವರೆಯಿಂದ ಹೊರಗಿನ ಪಿಂಗ್ ಹನ್ನೆರಡು ಮಿಲಿಸೆಕೆಂಡ್‌ನಿಂದ ಮೆಲ್ಲಗೆ ಏರಿ ಎಂಬತ್ತು, ತೊಂಬತ್ತು ಮುಟ್ಟಿ, ಹತ್ತೂವರೆ ಮೇಲೆ ಇಳಿಯುತ್ತಿತ್ತು. ನೂರಕ್ಕೆ ಎರಡು ಮೂರು ಪ್ಯಾಕೆಟ್ ಕಳೆಯುತ್ತಿದ್ದವು. ಮನೆಯ ಫೋನು, ಟಿವಿ ಎಲ್ಲ ಆರಿಸಿದ ದಿನವೂ ಹಾಗೇ. ಇದು ದಟ್ಟಣೆ. ಅದು ದಿಬ್ಬದ ಹಾಗೆ ಏರಿ ಇಳಿಯುತ್ತದೆ.

ಆದರೆ ಆರು ಗಂಟೆಯದು ದಿಬ್ಬವಲ್ಲ, ಬಾವಿ. ಹನ್ನೆರಡು, ಹನ್ನೆರಡು, ಆಮೇಲೆ ಉತ್ತರವೇ ಇಲ್ಲ. ರೂಟರ್ ಲಾಗ್ ತೆಗೆದರೆ ಅದೇ ಸೆಕೆಂಡಿಗೆ WAN link down ಅಂತ ಇತ್ತು. ದಟ್ಟಣೆ ಎಷ್ಟೇ ಇದ್ದರೂ ಕೇಬಲ್‌ನ ಲಿಂಕ್ ಬೀಳಿಸಲ್ಲ, ವೈಫೈ ಅಡ್ಡಿಗೂ ಅದಕ್ಕೂ ಸಂಬಂಧವೇ ಇಲ್ಲ. ಅಂದರೆ ಕಂಬದ ಬಾಕ್ಸಲ್ಲಿರುವ ನೆಟ್‌ವರ್ಕ್ ಸ್ವಿಚ್ ಕರೆಂಟ್ ಕಳಕೊಂಡಿರಬೇಕು. ಒಂದು ನಿಮಿಷದೊಳಗೆ ಲಿಂಕ್ ವಾಪಸ್ ಬರುತ್ತಿತ್ತು. ಉಳಿದ ಮೂರ್ನಾಲ್ಕು ನಿಮಿಷ ರೂಟರ್ ಮತ್ತೆ ಮತ್ತೆ ಲಾಗಿನ್‌ಗೆ ಒದ್ದಾಡುತ್ತಿತ್ತು. ಆಪರೇಟರ್ ಕಡೆ ಹಳೇ ಸೆಷನ್ ಇನ್ನೂ ಬಿಟ್ಟಿರಲಿಲ್ಲ.

ಆಪರೇಟರ್‌ಗೆ ಹೇಳಿದರೆ ನಕ್ಕರು. "ಒಂದೇ ಟೈಮಿಗೆ ದಿನಾ ಕರೆಂಟ್ ಹೋಗುತ್ತಾ ಸರ್?"

ಒಂದೇ ಟೈಮ್ ಆಗಿರಲಿಲ್ಲ, ಅದೇ ಮಜಾ. ನವೆಂಬರ್ ಕೊನೆಗೆ 6:10 ಸುಮಾರಿಗೆ ಬೀಳುತ್ತಿದ್ದುದು ಜನವರಿ ಮಧ್ಯಕ್ಕೆ ಆರೂವರೆಗೆ ಬಂದಿತ್ತು. ಮೋಡ ಕವಿದ ಒಂದು ದಿನ ಆರಕ್ಕೂ ಮೊದಲೇ ಬಿತ್ತು. ಗಡಿಯಾರ ನೋಡಿಕೊಂಡಲ್ಲ, ಕತ್ತಲೆ ನೋಡಿಕೊಂಡು ಬೀಳುತ್ತಿತ್ತು. ಮತ್ತೆ ಮಂಗಳವಾರ ಒಂದು ಸಲವೂ ಇಲ್ಲ. ಕಂಬದ ಪಕ್ಕದ ಬೇಕರಿಗೆ ಮಂಗಳವಾರ ರಜೆ.

ಬಾಕ್ಸ್‌ಗೆ ಕರೆಂಟ್ ಆ ಬೇಕರಿಯದೇ. ಒಂದು ಸಂಜೆ ಖಾರಾ ಬನ್ ತಿನ್ನುತ್ತಾ ನಿಂತೆ. ಮಾಲೀಕರು ಬೋರ್ಡ್ ಲೈಟ್ ಹಾಕಿದರು, ನನ್ನ ಫೋನಲ್ಲಿ ಮನೆಯ ಕ್ಯಾಮರಾ ನಿಂತಿತು. ಲೈಟು, ಬಾಕ್ಸ್ ಅಡಾಪ್ಟರ್ ಎರಡೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಲ್ಲಿ, ಅದರ ಪಿನ್ ಸಡಿಲ. ಬೋರ್ಡಿನ ಅಡಾಪ್ಟರ್‌ಗಳು ಒಟ್ಟಿಗೆ ಎಳೆದಾಗ ಅಲ್ಲಿ ಚಟ್ ಅನ್ನುತ್ತಿತ್ತು, ಅಷ್ಟೇ ಸಾಕು.

ಬೇರೆ ಪ್ಲಗ್ ಹಾಕಿಸಿ, 12 ವೋಲ್ಟಿನ ಮಿನಿ ಯುಪಿಎಸ್ ಇಡಿಸಿದೆ. 1300 ರೂಪಾಯಿ ಇರಬೇಕು. ಅದರ ದುಡ್ಡನ್ನು ಆಪರೇಟರ್ ಕೈಯಿಂದಲೇ ಹೇಗೆ ಕೊಡಿಸಿದೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಮಾರ್ಚ್‌ನಿಂದ ಸಂಜೆ ಬಾವಿ ಬಿದ್ದಿಲ್ಲ. ಹಳೇ ಪ್ಲಾನ್‌ಗೆ ವಾಪಸ್ ಬಂದಿದ್ದೇನೆ. ರಾತ್ರಿ ಒಂಬತ್ತರ ದಿಬ್ಬ ಇನ್ನೂ ಇದೆ. ಅದು ಆಪರೇಟರ್‌ನ ಮೇಲ್ಗಡೆಯ ಲಿಂಕ್ ದಪ್ಪ ಆಗುವವರೆಗೂ ಇರುತ್ತದೆ, ವಾರದ ಪಿಂಗ್ ಫೈಲ್ ಅವರಿಗೆ ಕಳಿಸಿ ಕಾಯುತ್ತಿದ್ದೇನೆ.